ಬ್ಯಾಂಕ್‌ನವ್ರು ವಾಪಸ್ ಕೊಟ್ಟ ಪವರ್ ಆಫ್ ಅಟಾರ್ನಿ: ತಪ್ಪು ಎಲ್ಲಿ ಕೂತಿದೆ ಅಂತ ಹುಡುಕೋದು

ಹೋದ ಮಳೆಗಾಲದಲ್ಲಿ ಥಾಣೆಯ ನಮ್ಮ ಬಿಲ್ಡಿಂಗಿನ ಮೂರನೇ ಮಾಳಿಗೆ ಹುಡುಗ ಒಂದು ಪ್ಲಾಸ್ಟಿಕ್ ಫೈಲ್ ಹಿಡ್ಕೊಂಡು ಬಂದ. ವಿಜಯಪುರದ ಕಡೆಯವ್ರು, ಅಪ್ಪನ ಕಾಲದಿಂದ ಇಲ್ಲೇ ಇದಾರೆ. "ಕಾಕಾ, ಮೂರನೇ ಸಲ ವಾಪಸ್ ಕೊಟ್ಟಾರ್ರೀ. ಸ್ಟಾಂಪ್ ಐತಿ, ನೋಟರಿ ಐತಿ, ದೊಡ್ಡವ್ವನ ಹೆಬ್ಬಟ್ಟೂ ಐತಿ, ಇನ್ನೇನ್ ಬೇಕಂತ್ರೀ ಇವ್ರಿಗೆ?" ಅಂದ. ನಾನು ಬ್ಯಾಂಕ್ ಕೌಂಟರಿನ ಆಚೆ ಬದಿ ಬಹಳ ವರ್ಷ ಕೂತು ರಿಟೈರ್ ಆದವ್ನು, ಇಂಥ ಫೈಲ್‌ಗಳನ್ನ ನಾನೇ ಎಷ್ಟೋ ಸಲ ವಾಪಸ್ ಕೊಟ್ಟಿದೀನಿ, ಹಾಗಾಗಿ ಯಾವ ಕೌಂಟರಿನವ್ರು ಏನು ಯೋಚ್ನೆ ಮಾಡಿರ್ತಾರೆ ಅಂತ ಸ್ವಲ್ಪ ಗೊತ್ತು.

ವಿಷ್ಯ ಇಷ್ಟು. ದೊಡ್ಡವ್ವಂಗೆ 79. ಮುಲುಂಡ್‌ನ ಒಂದು ಬ್ರ್ಯಾಂಚಲ್ಲಿ ಸೇವಿಂಗ್ಸ್ ಅಕೌಂಟು, ಎರಡು ಎಫ್‌ಡಿ. ಮಕ್ಕಳಿಲ್ಲ. ಕೈ ನಡುಕ ಜಾಸ್ತಿ ಆಗಿ ಸಹಿ ಮಾಡೋಕಾಗಲ್ಲ, ಸೊಂಟದ ಮೂಳೆ ಮುರಿದು ವಿಜಯಪುರದಲ್ಲಿ ತಂಗಿ ಮನೇಲಿ ನಾಲ್ಕು ತಿಂಗ್ಳು ಇದ್ರು, ಅಲ್ಲೇ ಒಬ್ಬ ವಕೀಲರ ಹತ್ರ ಈ ಹುಡುಗನ ಹೆಸರಿಗೆ ಪಿಓಎ ಮಾಡಿಸಿದ್ರು, ಅಂದ್ರೆ ತಮ್ಮ ಪರವಾಗಿ ಕೆಲ್ಸ ನಡೆಸೋ ಅಧಿಕಾರ ಕೊಡೋ ಪವರ್ ಆಫ್ ಅಟಾರ್ನಿ ಪೇಪರ್. ಈಗ ಥಾಣೆಗೆ ಬಂದು ಇವನ ಮನೇಲೇ ಇದಾರೆ. ಒಂದು ಎಫ್‌ಡಿ ಮುರಿದು ಆಸ್ಪತ್ರೆ ಬಿಲ್ ಕಟ್ಟಬೇಕು. ಬ್ಯಾಂಕ್ ಕೊಟ್ಟ ಚೀಟಿ ಮೇಲೆ ಬರೆದಿದ್ದು ಒಂದೇ ಸಾಲು: "ಪಿಓಎ ನಾಟ್ ಆಸ್ ಪರ್ ಫಾರ್ಮ್ಯಾಟ್, ಸೈನ್ ಡಿಫರ್ಸ್."

ಇಲ್ಲಿ ಎಲ್ರೂ ಮಾಡೋ ಮೊದಲ್ನೇ ತಪ್ಪು ಅಂದ್ರೆ ಚೀಟೀಲಿ ಏನಿದೆಯೋ ಅದನ್ನಷ್ಟೇ ಸರಿ ಮಾಡೋಕೆ ಓಡೋದು. ಕೌಂಟರಿನವ್ನು ಪೇಪರ್ ಪೂರ್ತಿ ಓದಿರಲ್ಲ, ಮೊದಲು ಕಣ್ಣಿಗೆ ಬಿದ್ದಿದ್ದನ್ನ ಬರೀತಾನೆ. ಇವನೂ ಹಾಗೇ ಮಾಡಿದ್ದ, ಎರಡನೇ ಸಲ ನೋಟರಿ ಹತ್ರ ಇನ್ನೊಂದು ಸೀಲ್ ಹಾಕಿಸ್ಕೊಂಡು ಬಂದಿದ್ದ, ದುಡ್ಡು ಹೋಯ್ತು, ಪೇಪರ್ ಇನ್ನೂ ಗಲೀಜಾಯ್ತು. ನಾನು ಅವನಿಗೆ ಹೇಳಿದ್ದು, ಸೀಲು ಸ್ಟಾಂಪು ಆಮೇಲೆ ನೋಡೋಣ, ಮೊದಲು ಇದ್ರಲ್ಲಿ ದೊಡ್ಡವ್ವ ನಿನಗೆ ಏನು ಕೊಟ್ಟಿದಾರೆ ಅಂತ ಓದು ಅಂತ.

ಏನು ಕೊಟ್ಟಿದಾರೆ, ಏನು ಕೊಟ್ಟಿಲ್ಲ

ಪೇಪರ್ ನಾಲ್ಕು ಪುಟ, ಕನ್ನಡದಲ್ಲಿ. ಮೂರೂವರೆ ಪುಟ ಪೂರ್ತಿ ಹೊಲ ಮನೆ: ಚಕ್ಕುಬಂದಿ, ಉತಾರ, ಬಾಡಿಗೆ ವಸೂಲಿ, ಸಬ್‌ರಿಜಿಸ್ಟ್ರಾರ್ ಮುಂದೆ ಹಾಜರಾಗೋದು, ಕೋರ್ಟಲ್ಲಿ ವಕಾಲತ್ತು ಹಾಕೋದು. ಕೊನೆಗೆ ಒಂದು ಸಾಲು, "ಬ್ಯಾಂಕು ವ್ಯವಹಾರ ಹಾಗೂ ಇತರೆ ಸಕಲ ಕಾರ್ಯಗಳನ್ನು ನನ್ನ ಪರವಾಗಿ ನಿರ್ವಹಿಸತಕ್ಕದ್ದು." ಅಷ್ಟೇ. ಆಸ್ತಿಗೆ ಇಟ್ಟ ರೆಡಿ ಜನರಲ್ ಪವರ್ ಆಫ್ ಅಟಾರ್ನಿ ಫಾರ್ಮ್ಯಾಟಿಗೆ ವಕೀಲರ ಟೈಪಿಸ್ಟ್ ಒಂದು ಬಾಲ ಅಂಟಿಸಿದ್ದು ನೋಡಿದ ಕೂಡ್ಲೇ ಗೊತ್ತಾಗತ್ತೆ.

ಹುಡುಗ ಹೇಳ್ತಾನೆ, "ಸಕಲ ಕಾರ್ಯ ಅಂತ ಐತಲ್ರೀ, ಅದ್ರಾಗ ಎಫ್‌ಡಿ ಬರಂಗಿಲ್ಲೇನ್ರೀ?" ಬರಲ್ಲ. ಪಿಓಎಯನ್ನ ಬ್ಯಾಂಕೂ ಬಿಗಿಯಾಗಿ ಓದತ್ತೆ, ಕೋರ್ಟೂ ಬಿಗಿಯಾಗೇ ಓದತ್ತೆ. ಹೆಸರು ಹಿಡಿದು ಹೇಳಿರೋ ಅಧಿಕಾರ ಮತ್ತೆ ಅದನ್ನ ನಡೆಸೋಕೆ ಬೇಕೇ ಬೇಕಾದ ಸಣ್ಣಪುಟ್ಟ ಕೆಲಸ, ಇಷ್ಟೇ ಸಿಗೋದು. "ಇತರೆ ಸಕಲ" ಅನ್ನೋ ಮಾತು ಅದರ ಹಿಂದೆ ಇರೋ ಮಾತುಗಳ ನೆರಳಲ್ಲೇ ನಿಲ್ಲತ್ತೆ, ಹಿಂದೆ ಮೂರೂವರೆ ಪುಟ ಹೊಲ ಮನೆ ಇದ್ರೆ ಆ ಸಕಲವೂ ಹೊಲ ಮನೆಗೆ ಸಂಬಂಧಪಟ್ಟ ಸಕಲ. ಚೆಕ್ಕಿಗೆ ಸಹಿ ಮಾಡೋ ಅಧಿಕಾರ ಕೊಟ್ರೆ ಇರೋ ದುಡ್ಡು ತೆಗೀಬಹುದು, ಓವರ್‌ಡ್ರಾಫ್ಟ್ ತಗೊಳ್ಳೋ ಅಧಿಕಾರ ಅದ್ರಲ್ಲಿ ಬರಲ್ಲ. ದುಡ್ಡು ತೆಗೆಯೋ ಅಧಿಕಾರ ಇದ್ರೆ ಎಫ್‌ಡಿ ಅವಧಿಗೆ ಮುಂಚೆ ಮುರಿಯೋ ಅಧಿಕಾರ ಬಂತು ಅಂತಲ್ಲ. ಅಕೌಂಟ್ ಕ್ಲೋಸ್ ಮಾಡೋದು ಬೇರೆ, ಎಫ್‌ಡಿ ಮೇಲೆ ಸಾಲ ತೆಗೆಯೋದು ಬೇರೆ, ನಾಮಿನಿ ಬದಲಿಸೋದಂತೂ ಯಾವ ಬ್ಯಾಂಕೂ ಅಟಾರ್ನಿ, ಅಂದ್ರೆ ಪಿಓಎಲಿ ಅಧಿಕಾರ ಸಿಕ್ಕವ್ನ ಕೈಲಿ ಮಾಡಿಸಲ್ಲ ಅಂತಲೇ ಇಟ್ಕೊಳ್ಳಿ.

ಹಾಗಾಗಿ ಪೇಪರ್ ಓದುವಾಗ ನಾನು ಮಾಡೋದು ಒಂದೇ ಕೆಲಸ, ಪೆನ್ಸಿಲ್ ತಗೊಂಡು ಕ್ರಿಯಾಪದಕ್ಕೆಲ್ಲ ಗೆರೆ ಎಳೀತೀನಿ. ತೆಗೆಯುವುದು, ಜಮಾ ಮಾಡುವುದು, ಸಹಿ ಮಾಡುವುದು, ಮುರಿಯುವುದು, ನವೀಕರಿಸುವುದು. ಆಮೇಲೆ ಆ ಪ್ರತಿಯೊಂದು ಕ್ರಿಯಾಪದದ ಪಕ್ಕದಲ್ಲಿ ಯಾವ ಅಕೌಂಟು ಅಂತ ಇದೆಯಾ ನೋಡ್ತೀನಿ. ಇವನ ಪೇಪರಲ್ಲಿ ಬ್ಯಾಂಕಿನ ಹೆಸರಿಲ್ಲ, ಬ್ರ್ಯಾಂಚ್ ಇಲ್ಲ, ಅಕೌಂಟ್ ನಂಬರ್ ಇಲ್ಲ, ಎಫ್‌ಡಿ ಅನ್ನೋ ಪದವೇ ಇಲ್ಲ. ಇನ್ನು ನೂರು ಸೀಲ್ ಹಾಕಿಸಿದ್ರೂ ಈ ಪೇಪರಲ್ಲಿ ಎಫ್‌ಡಿ ಮುರಿಯೋಕೆ ಆಗಲ್ಲ. ನನ್ನ ಲೆಕ್ಕದಲ್ಲಿ ನಿಜವಾದ ದೋಷ ಇದೇ, ಚೀಟೀಲಿದ್ದ "ಫಾರ್ಮ್ಯಾಟ್" ಅನ್ನೋ ಮಾತಿನ ಒಳಗೆ ಅಡಗಿ ಕೂತಿದ್ದು.

ಹೆಸರನ್ನೂ ಇಲ್ಲೇ ನೋಡಿಬಿಡಬೇಕು. ಪೇಪರಲ್ಲಿ ದೊಡ್ಡವ್ವನ ಹೆಸರಿನ ಮುಂದೆ ಗಂಡನ ಹೆಸರು, ಆಮೇಲೆ ಅಡ್ಡಹೆಸರು. ಪಾಸ್‌ಬುಕ್ಕಲ್ಲಿ ಅಡ್ಡಹೆಸರು ಇಲ್ಲ, ಬರೀ ಇನಿಷಿಯಲ್. ಆಧಾರಲ್ಲಿ ಇನ್ನೊಂದು ಥರ. ಮುಂಬೈಗೆ ಬಂದ ನಮ್ಮ ಉತ್ತರ ಕರ್ನಾಟಕದವ್ರ ಪೇಪರ್‌ಗಳಲ್ಲಿ ಇದು ಮಾಮೂಲು, ಊರಲ್ಲಿ ಒಂದು ಹೆಸರು ರೇಷನ್ ಕಾರ್ಡಲ್ಲಿ ಒಂದು ಹೆಸರು. ಪಿಓಎಯಲ್ಲಿ ಬ್ಯಾಂಕ್ ರೆಕಾರ್ಡಲ್ಲಿ ಇದ್ದಹಾಗೇ ಬರೆದು, ಆಧಾರಿನ ಹೆಸರೂ ತನ್ನದೇ ಅಂತ ಒಂದು ಸಾಲು ಸೇರಿಸಿದ್ರೆ ಆಯ್ತು. ಜಾಯಿಂಟ್ ಅಕೌಂಟ್ ಆಗಿದ್ರೆ ಸಾಮಾನ್ಯವಾಗಿ ಬ್ಯಾಂಕ್ ಎಲ್ಲಾ ಹೋಲ್ಡರ್‌ಗಳ ಸಹಿ ಕೇಳತ್ತೆ, ಒಬ್ರೇ ಕೊಟ್ಟ ಪಿಓಎ ಅಲ್ಲೇ ನಿಂತ್ಕೊಳತ್ತೆ.

ಗಲ್ಫಲ್ಲಿರೋ ಮಕ್ಕಳ ಎನ್‌ಆರ್‌ಇ ಅಕೌಂಟ್ ನೋಡ್ಕೊಳ್ಳೋರಿಗೆ ಇನ್ನೊಂದು ಮಾತು: ಅಲ್ಲಿ ಪೇಪರಲ್ಲಿ ಬರೆದಿದ್ರೂ ಕೆಲವು ಕೆಲ್ಸ ಮಾಡೋಕಾಗಲ್ಲ. ಇಲ್ಲಿರೋ ಅಟಾರ್ನಿ ಲೋಕಲ್ ಪೇಮೆಂಟ್ ಮಾಡಬಹುದು, ಅಕೌಂಟಿನ ಒಡೆಯನಿಗೇ ಹೊರಗೆ ದುಡ್ಡು ಕಳಿಸಬಹುದು, ಆದ್ರೆ ಅವನ ಪರವಾಗಿ ಇಲ್ಲಿನವ್ರಿಗೆ ಗಿಫ್ಟ್ ಕೊಡೋದು, ಇನ್ನೊಬ್ರ ಎನ್‌ಆರ್‌ಇ ಅಕೌಂಟಿಗೆ ಹಾಕೋದು ವಿದೇಶಿ ವಿನಿಮಯದ ಕಾಯ್ದೆ ಫೆಮಾದ ನಿಯಮದಲ್ಲೇ ಇಲ್ಲ.

ಸೈನ್ ಡಿಫರ್ಸ್ ಅಂದ್ರೆ ಏನು

ಬ್ಯಾಂಕಲ್ಲಿ ದೊಡ್ಡವ್ವನ ಸ್ಪೆಸಿಮನ್ ಸಹಿ 1996ರದು. ಗುಂಡಗೆ, ಮುತ್ತು ಪೋಣಿಸಿದ ಹಾಗೆ ಕನ್ನಡದಲ್ಲಿ. ಪಿಓಎಯಲ್ಲಿ ಎಡಗೈ ಹೆಬ್ಬಟ್ಟು. ಬ್ಯಾಂಕಿನವ್ನು ಎದುರು ಹೋಲಿಸಿ ನೋಡೋಕೆ ಏನೂ ಇಲ್ಲ. ನೋಟರಿ ಮುಂದೆ ಒತ್ತಿದಾರೆ ಅಂದ್ರೂ, ಆ ನೋಟರಿ ವಿಜಯಪುರದವ್ರು, ಮುಲುಂಡ್ ಮ್ಯಾನೇಜರಿಗೆ ಗೊತ್ತಿಲ್ಲ. ಈ ಮುದುಕಿ ಬದುಕಿದಾರಾ, ತಿಳಿದು ಒತ್ತಿದಾರಾ, ಮಲಗಿದಾಗ ಯಾರೋ ಹೆಬ್ಬೆರಳು ಹಿಡಿದು ಒತ್ತಿಸಿದಾರಾ, ಅವನಿಗಿರೋ ಹೆದರಿಕೆ ಇದು. ನಾನಿದ್ರೂ ಹೆದರ್ತಿದ್ದೆ, ಸುಳ್ಳು ಹೇಳಲ್ಲ.

ಇದನ್ನ ಪಿಓಎ ಸರಿಮಾಡಿ ಬಗೆಹರಿಸೋಕಾಗಲ್ಲ. ಮೊದಲು ಬ್ಯಾಂಕಿನ ರೆಕಾರ್ಡಲ್ಲಿ ಸಹಿ ಬದಲು ಹೆಬ್ಬಟ್ಟು ಅಂತ ಆಗಬೇಕು. ವಯಸ್ಸಾದ, ಕಾಯಿಲೆ ಬಿದ್ದ ಗ್ರಾಹಕರಿಗೆ ಅಂತಲೇ ಆರ್‌ಬಿಐ ಹಳೇ ಕಾಲದಿಂದ ಒಂದು ವ್ಯವಸ್ಥೆ ಇಟ್ಟಿದೆ: ಹೆಬ್ಬಟ್ಟನ್ನ, ಕೈ ಆಗದಿದ್ರೆ ಕಾಲಿನ ಹೆಬ್ಬೆರಳ ಗುರುತನ್ನ, ಬ್ಯಾಂಕಿಗೆ ಗೊತ್ತಿರೋ ಇಬ್ಬರು ಸಾಕ್ಷಿಗಳು ಗುರುತಿಸಬೇಕು, ಅದ್ರಲ್ಲಿ ಒಬ್ರು ಬ್ಯಾಂಕಿನ ಜವಾಬ್ದಾರಿ ಅಧಿಕಾರಿ ಆಗಿರಬೇಕು. 70 ದಾಟಿದವ್ರ ಮನೆಗೆ ಬಂದು ಸೇವೆ ಕೊಡಬೇಕು ಅಂತಲೂ 2017ರಲ್ಲಿ ಆರ್‌ಬಿಐ ಹೇಳಿದೆ. ಇದನ್ನ ಬರವಣಿಗೇಲಿ ಕೇಳಿ, ಬಾಯಲ್ಲಿ ಕೇಳಿದ್ರೆ "ಸ್ಟಾಫ್ ನಹೀ ಹೈ" ಅಂತಾರೆ.

ಇಲ್ಲೇ ಒಂದು ಮಾತು ಹೇಳಿಬಿಡ್ತೀನಿ. ನಿಮಗೆ ಬೇಕಿರೋದು ತಿಂಗಳ ಪೆನ್ಷನ್ ತೆಗೆಯೋದು ಮಾತ್ರ ಆಗಿದ್ರೆ ಪಿಓಎ ಗೋಜಿಗೇ ಹೋಗಬೇಡಿ, ಈ ವ್ಯವಸ್ಥೇಲಿ ವಿತ್‌ಡ್ರಾವಲ್ ಫಾರ್ಮಿಗೆ ಹೆಬ್ಬಟ್ಟು ಒತ್ತಿಸಿ, ಯಾರು ದುಡ್ಡು ತರ್ತಾರೆ ಅಂತ ಅವ್ರೇ ಹೇಳಿದ್ರೆ ಸಾಕು. ಪಿಓಎ ಅನ್ನೋದು ಎಫ್‌ಡಿ, ಚೆಕ್, ಆಸ್ಪತ್ರೆ ಬಿಲ್ ಅಂತ ಪದೇ ಪದೇ ಕೆಲಸ ಇದ್ದವ್ರಿಗೆ.

ಪೇಪರಿಗೆ ಇನ್ನೂ ಜೀವ ಇದೆಯಾ

ಪಿಓಎಗೆ ಎಕ್ಸ್‌ಪೈರಿ ಡೇಟ್ ಬರೆದಿಲ್ಲ ಅಂದ್ರೆ ಅದು ತಾನಾಗೇ ಮುಗಿಯಲ್ಲ, ಆದ್ರೂ ವರ್ಷ ಹಳೆಯದಾದ್ರೆ ಬ್ಯಾಂಕ್ ಇದು ಇನ್ನೂ ಜಾರೀಲಿದೆ ಅಂತ ಒಡೆಯರಿಂದ ಒಂದು ಪತ್ರ ಕೇಳಬಹುದು. ನಿಜವಾಗಿ ಮುಗಿಸೋದು ಬೇರೆ ವಿಷ್ಯಗಳು. 1872ರ ಕಾಂಟ್ರ್ಯಾಕ್ಟ್ ಆಕ್ಟಿನ 201ನೇ ಸೆಕ್ಷನ್ ಪ್ರಕಾರ ಕೊಟ್ಟವ್ರು ವಾಪಸ್ ತಗೊಂಡ್ರೆ, ಇಬ್ರಲ್ಲಿ ಒಬ್ರು ತೀರ್ಕೊಂಡ್ರೆ, ಅಥವಾ ಇಬ್ರಲ್ಲಿ ಒಬ್ರಿಗೆ ಬುದ್ಧಿ ಸ್ಥಿಮಿತ ತಪ್ಪಿದ್ರೆ ಅಧಿಕಾರ ಅಲ್ಲಿಗೆ ನಿಂತುಹೋಗತ್ತೆ. ಸಾವಿನ ವಿಷ್ಯ ಎಲ್ರಿಗೂ ಗೊತ್ತು (ಗೊತ್ತಿದ್ದೂ ತೀರ್ಕೊಂಡ ಮಾರನೇ ದಿನ ಚೆಕ್ ಹಾಕೋರು ಇದಾರೆ, ಬ್ಯಾಂಕಿಗೆ ಗೊತ್ತಿಲ್ಲದೆ ಕೊಟ್ರೆ ಬ್ಯಾಂಕ್ ಬಚಾವ್, ಗೊತ್ತಿದ್ದು ತೆಗೆದವ್ನು ವಾರಸುದಾರರಿಗೆ ಲೆಕ್ಕ ಒಪ್ಪಿಸಬೇಕು). ಗೊತ್ತಿಲ್ಲದೇ ಇರೋದು ಮೂರನೇದು. ಅಪ್ಪಂಗೆ ಮರೆವು ಬಂದ ಮೇಲೆ ಪಿಓಎ ಮಾಡಿಸೋಣ ಅಂತ ಬರ್ತಾರೆ. ಆಗ ತಡ ಆಗಿರತ್ತೆ, ಹೊಸದು ಮಾಡಿಸೋಕೂ ಆಗಲ್ಲ, ಹಳೇದೂ ನಡೆಯಲ್ಲ, ಗಾರ್ಡಿಯನ್ ಅಂತ ನೇಮಿಸಿ ಅಂತ ಹೈಕೋರ್ಟಿಗೆ ಹೋಗೋ ದಾರಿ ಹಿಡೀಬೇಕಾಗತ್ತೆ, ಬಾಂಬೆ ಹೈಕೋರ್ಟ್ ಅಂಥ ಆದೇಶಗಳನ್ನ ಕೊಟ್ಟಿದೆ ಕೂಡ, ಆದ್ರೆ ಖರ್ಚು, ಸಮಯ ಎರಡೂ ಹೋಗತ್ತೆ. ನಮ್ಮ ದೊಡ್ಡವ್ವನ ಕೈ ನಡುಗತ್ತೆ, ತಲೆ ನಡುಗಲ್ಲ. ಎಫ್‌ಡಿ ಬಡ್ಡಿ ಎಷ್ಟು ಅಂತ ಕೇಳಿದ್ರೆ ಪೈಸೆ ಸಮೇತ ಹೇಳ್ತಾರೆ.

ಸ್ಟಾಂಪಿನ ವಿಷ್ಯ ಈಗ ನೋಡೋಣ. ಇವನದು ಕರ್ನಾಟಕದ ಇ-ಸ್ಟಾಂಪ್. ಹೊರ ರಾಜ್ಯದಲ್ಲಿ ಬರೆದ ಪೇಪರನ್ನ ಮಹಾರಾಷ್ಟ್ರದಲ್ಲಿ ಉಪಯೋಗಿಸಬೇಕಾದ್ರೆ ಇಲ್ಲಿನ ಡ್ಯೂಟಿಗೂ ಅಲ್ಲಿ ಕಟ್ಟಿದ್ದಕ್ಕೂ ಇರೋ ವ್ಯತ್ಯಾಸ ತುಂಬಬೇಕು, ಪೇಪರ್ ಇಲ್ಲಿಗೆ ಬಂದ ಮೂರು ತಿಂಗಳೊಳಗೆ. ವಿದೇಶದಲ್ಲಿ ಮಾಡಿಸಿ ತಂದ ಪಿಓಎಗೂ ಇದೇ ಮೂರು ತಿಂಗಳ ಗಡುವು. ಇಲ್ಲೇ ಹೊಸದಾಗಿ ಮಾಡಿಸೋರು ಹಳೇ 100 ರೂಪಾಯಿ ಸ್ಟಾಂಪ್ ಪೇಪರ್ ನೆನಪಲ್ಲಿ ಹೋಗಬೇಡಿ, ಮಹಾರಾಷ್ಟ್ರದಲ್ಲಿ ಈಗ 500ರದು ಬೇಕು. ಸ್ಟಾಂಪ್ ಪೇಪರ್ ಕೊಂಡು ಆರು ತಿಂಗಳೊಳಗೆ ಬಳಸಬೇಕು, ಪೇಪರಲ್ಲಿ ಇರೋ ಇಬ್ರಲ್ಲಿ ಒಬ್ರ ಹೆಸರಲ್ಲೇ ಕೊಂಡಿರಬೇಕು. ಸ್ಟಾಂಪ್ ಕೊಂಡ ತಾರೀಕು ಸಹಿ ತಾರೀಕಿಗಿಂತ ಆಮೇಲೆ ಇದ್ರೆ ಮುಗೀತು, ಅದನ್ನ ನೋಡಿದ ಆಫೀಸರ್ ಮುಂದಕ್ಕೆ ಓದೋದೇ ಇಲ್ಲ. ರಿಜಿಸ್ಟ್ರೇಷನ್ ಮಾಡಿಸಬೇಕಾ ಅಂತ ಎಲ್ರೂ ಕೇಳ್ತಾರೆ. ಬರೀ ಅಕೌಂಟ್ ನಡೆಸೋ ಪಿಓಎಗೆ ಬೇಕಿಲ್ಲ.

ಸಾಕ್ಷಿ ಮತ್ತೆ ನೋಟರಿ ಸೀಲು

ಕಾನೂನು ಪ್ರಕಾರ ಬ್ಯಾಂಕ್ ಅಕೌಂಟಿನ ಪಿಓಎಗೆ ಸಾಕ್ಷಿ ಇರಲೇಬೇಕು ಅಂತಿಲ್ಲ, ವಿಲ್ ಥರ ಅಲ್ಲ ಇದು. ಆದ್ರೆ ಬ್ಯಾಂಕಿನ ಫಾರ್ಮಲ್ಲಿ ಇಬ್ರು ಅಂತ ಇರತ್ತೆ, ಹೆಬ್ಬಟ್ಟಿನ ಪೇಪರಲ್ಲಂತೂ ಸಾಕ್ಷಿನೇ ಬೆನ್ನೆಲುಬು. ಇವನ ಪೇಪರಲ್ಲಿ ಒಬ್ಬ ಸಾಕ್ಷಿ ಇವನ ಹೆಂಡ್ತಿ. ಇನ್ನೊಬ್ರು ವಕೀಲರ ಕ್ಲಾರ್ಕ್, ಸಹಿ ಇದೆ, ವಿಳಾಸ ಇಲ್ಲ, ಮೊಬೈಲ್ ನಂಬರ್ ಇಲ್ಲ. ಅಧಿಕಾರ ಸಿಗೋನ ಹೆಂಡ್ತೀನೇ ಸಾಕ್ಷಿ ಅಂದ್ರೆ ಕಾನೂನು ತಪ್ಪು ಅಂತ ಹೇಳದೇ ಇರಬಹುದು, ಬ್ಯಾಂಕಿನವ್ನಿಗೆ ಮಾತ್ರ ಅಲ್ಲೇ ಹುಬ್ಬು ಮೇಲೆ ಹೋಗತ್ತೆ. ದುಡ್ಡಿನ ಲಾಭ ಇಲ್ಲದ, ಕರೆದ್ರೆ ಬ್ರ್ಯಾಂಚಿಗೆ ಬರಬಲ್ಲ ಇಬ್ರು ಬೇಕು, ಅಕ್ಕಪಕ್ಕದ ಮನೆಯವ್ರೇ ಚೆನ್ನ.

ನೋಟರಿ ಸೀಲನ್ನ ಹತ್ರದಿಂದ ನೋಡಿದಾಗ ಇನ್ನೊಂದು ಸಿಕ್ತು. ಎರಡನೇ ಸಲ ಇಲ್ಲಿ ಹಾಕಿಸಿದ್ದ ಸೀಲ್ "ಟ್ರೂ ಕಾಪಿ" ಸೀಲು. ಅಂದ್ರೆ ಒರಿಜಿನಲ್ ನೋಡಿದೀನಿ, ಇದು ಅದರ ನಕಲು ಅಂತ ಮಾತ್ರ. ಬ್ಯಾಂಕಿಗೆ ಬೇಕಿರೋದು "ಬಿಫೋರ್ ಮಿ", ಅಂದ್ರೆ ಈ ವ್ಯಕ್ತಿ ನನ್ನ ಮುಂದೆ ಬಂದು ಸಹಿ ಹಾಕಿದ್ರು ಅನ್ನೋ ಮಾತು. ಪಿಓಎ ಸರಿಯಾಗೇ ಆಗಿದೆ ಅಂತ ಕೋರ್ಟ್ ಮೊದಲಿಗೇ ನಂಬೋದು ನೋಟರಿ ಅಥವಾ ಇಂಡಿಯನ್ ಕಾನ್ಸುಲೇಟ್ ಥರದವ್ರ ಮುಂದೆ ಸಹಿಯಾಗಿ ಅವ್ರು ದೃಢೀಕರಿಸಿದ ಪೇಪರನ್ನ. ಎರಡು ಸೀಲೂ ದುಂಡಗೇ ಇರತ್ತೆ, ಕೆಂಪಗೇ ಇರತ್ತೆ, ಓದಿದ್ರೆ ಮಾತ್ರ ವ್ಯತ್ಯಾಸ. ಜೊತೆಗೆ ನೋಟರಿ ರಿಜಿಸ್ಟರಿನ ಕ್ರಮ ಸಂಖ್ಯೆ, ತಾರೀಕು ಇದೆಯಾ ನೋಡಿ, ಸಂಖ್ಯೆ ಇಲ್ಲ ಅಂದ್ರೆ ಅವ್ರ ಪುಸ್ತಕದಲ್ಲಿ ಎಂಟ್ರಿನೇ ಆಗಿಲ್ಲ ಅಂತ ಅನುಮಾನ ಬರತ್ತೆ.

ನಾವು ಮಾಡಿದ್ದು

ಹಳೇ ಪೇಪರನ್ನ ರಿಪೇರಿ ಮಾಡೋ ಆಸೆ ಬಿಟ್ವಿ. ಅದು ಊರಿನ ಹೊಲಕ್ಕೆ ಇರಲಿ ಅಂತ ತೆಗೆದಿಟ್ಟು, ಬ್ಯಾಂಕಿಗೆ ಹೋಗಿ ಅವ್ರದ್ದೇ ಪಿಓಎ ಫಾರ್ಮ್ಯಾಟ್ ಇದೆಯಾ ಕೇಳಿದ್ವಿ. ಇತ್ತು. ಮೂರು ಸಲ ವಾಪಸ್ ಕಳಿಸೋ ಬದಲು ಮೊದಲ್ನೇ ಸಲಾನೇ ಕೊಟ್ಟಿದ್ರೆ ಏನಾಗ್ತಿತ್ತು ಅಂತ ಹುಡುಗ ಗೊಣಗಿದ, ನಾನು ಸುಮ್ನಿದ್ದೆ, ನಮ್ಮ ಕಾಲ್ದಲ್ಲಿ ನಾವೂ ಕೊಡ್ತಿರ್ಲಿಲ್ಲ.

ಮೊದಲು ಹೆಬ್ಬಟ್ಟಿನ ಅರ್ಜಿ. ಹತ್ತು ದಿನ ಬಿಟ್ಟು ಒಬ್ಬ ಆಫೀಸರಮ್ಮ ಮನೆಗೆ ಬಂದ್ರು, ಮರಾಠಿ ಹೆಣ್ಮಗಳು, ದೊಡ್ಡವ್ವನ ಹತ್ರ ಮರಾಠೀಲೇ ಅದೂ ಇದೂ ಮಾತಾಡ್ತಾ ಅಕೌಂಟ್ ಯಾರದು, ಈ ಹುಡುಗ ಏನಾಗಬೇಕು, ಯಾಕೆ ಇವನಿಗೆ ಕೊಡ್ತಿದೀರಿ ಅಂತ ವಿಚಾರಿಸ್ಕೊಂಡ್ರು. "ಮೈದುನನ ಮಗಾ. ಆದ್ರ ಸಾಲ ತೆಗ್ಯಾಕ ಬಿಡಬ್ಯಾಡ್ರಿ" ಅಂತ ದೊಡ್ಡವ್ವ ಕನ್ನಡದಲ್ಲಿ ಹೇಳಿ, ಅದನ್ನೇ ಮರಾಠೀಲಿ ಇನ್ನೊಂದು ಸಲ ಹೇಳಿದ್ರು. ಆಫೀಸರಮ್ಮ ನಕ್ಕು ಸಾಕ್ಷಿ ಸಹಿ ಹಾಕಿದ್ರು.

ಆಮೇಲೆ ಪಿಓಎ. ಈ ಸಲ ಇಂಗ್ಲಿಷಲ್ಲಿ, ಯಾಕಂದ್ರೆ ಮುಲುಂಡಲ್ಲಿ ಕನ್ನಡ ಪೇಪರ್ ಓದೋರಿಲ್ಲ, ಅವ್ರ ಲೀಗಲ್ ಡಿಪಾರ್ಟ್‌ಮೆಂಟಿಗೆ ಹೇಗೂ ಭಾಷಾಂತರ ಮಾಡಿಸಿ ಕೊಡಬೇಕಾಗತ್ತೆ. ಕೊನೇಲಿ, ಇದನ್ನ ಕನ್ನಡದಲ್ಲಿ ಓದಿ ಹೇಳಿದೀವಿ, ಅವ್ರು ಅರ್ಥ ಮಾಡ್ಕೊಂಡು ಒಪ್ಪಿದಾರೆ ಅಂತ ಒಂದು ಷರಾ, ಓದಿ ಹೇಳಿದವ್ರ ಸಹಿ ಸಮೇತ. ಹೆಬ್ಬಟ್ಟಿನ ಪೇಪರಿಗೆ ಈ ಷರಾ ಇಲ್ದಿದ್ರೆ ನಾನಂತೂ ಪಾಸ್ ಮಾಡ್ತಿರ್ಲಿಲ್ಲ. ಅಧಿಕಾರದ ಭಾಗ ಹೀಗೆ ಬರೆಸಿದ್ವಿ, ಕನ್ನಡದಲ್ಲಿ ಹೇಳಬೇಕಂದ್ರೆ: "ಇಂಥ ಬ್ರ್ಯಾಂಚಿನ ಇಂಥ ನಂಬರಿನ ಉಳಿತಾಯ ಖಾತೆಯಲ್ಲಿ ಚೆಕ್ಕಿಗೆ ಸಹಿ ಮಾಡುವುದು, ಹಣ ತೆಗೆಯುವುದು, ಜಮಾ ಮಾಡುವುದು, ಸ್ಟೇಟ್‌ಮೆಂಟ್ ಪಡೆಯುವುದು, ಇಂಥ ನಂಬರಿನ ಎರಡು ಎಫ್‌ಡಿಗಳನ್ನು ನವೀಕರಿಸುವುದು ಅಥವಾ ಅವಧಿಗೆ ಮುನ್ನ ಮುರಿದು, ಅದರ ಹಣವನ್ನು ನನ್ನ ಇದೇ ಉಳಿತಾಯ ಖಾತೆಗೆ ಮಾತ್ರ ಜಮಾ ಮಾಡಿಸುವುದು." ಆ "ಇದೇ ಖಾತೆಗೆ ಮಾತ್ರ" ಅನ್ನೋದು ನಂದು. ದೊಡ್ಡವ್ವಂಗೂ ರಕ್ಷಣೆ, ನಾಳೆ ಬೇರೆ ಸಂಬಂಧಿಕರು ಬೆರಳು ತೋರಿಸಿದ್ರೆ ಹುಡುಗನಿಗೂ ರಕ್ಷಣೆ, ಬ್ಯಾಂಕೂ ನಿರಾಳವಾಗಿ ಒಪ್ಪತ್ತೆ. ಸಾಲ, ಓವರ್‌ಡ್ರಾಫ್ಟ್, ನಾಮಿನಿ ಬದಲಾವಣೆ ಇಲ್ಲ ಅಂತ ಬಿಡಿಸಿ ಬರೆಸಿದ್ವಿ. 500ರ ಸ್ಟಾಂಪ್, ನೋಟರಿ ಮನೆಗೇ ಬಂದ್ರು, ಸಾಕ್ಷಿಗೆ ಎದುರು ಮನೆ ಗುಜರಾತಿ ದಂಪತಿ ಬೇಡ ಅಂತ ಗಂಡ ಒಬ್ರನ್ನೇ ತಗೊಂಡು, ಇನ್ನೊಬ್ಬ ಸಾಕ್ಷಿ ನಾನಾದೆ.

ಹುಡುಗನ ಆಧಾರ್, ಪ್ಯಾನ್, ಫೋಟೊ, ಸ್ಪೆಸಿಮನ್ ಸಹಿ ಕೊಡಬೇಕಾಯ್ತು, ಪರವಾಗಿ ನಡೆಸೋನ ಕೆವೈಸಿನೂ ಬೇಕೇ ಬೇಕು. ಒರಿಜಿನಲ್ ಕೊಟ್ಟು ಬರಬೇಡಿ, ತೋರಿಸಿ ನೋಟರೈಸ್ಡ್ ಕಾಪಿ ತಗೊಳ್ತೀರಾ ಕೇಳಿ, ಒರಿಜಿನಲ್ಲೇ ಬೇಕು ಅಂದ್ರೆ ಸ್ವೀಕೃತಿ ಬರೆಸ್ಕೊಳ್ಳಿ. ಬ್ರ್ಯಾಂಚಿನವ್ರು ಲೀಗಲ್‌ಗೆ ಕಳಿಸಿ ಮೂರು ವಾರ ತಗೊಂಡ್ರು. ಎಲ್ಲಾ ಸರಿ ಇದ್ದೂ ಸುಮ್ನೆ ಸತಾಯಿಸಿದ್ರೆ ಬೇಡ ಅನ್ನೋ ಕಾರಣ ಬರವಣಿಗೇಲಿ ಕೇಳಿ, ಬ್ಯಾಂಕಿಗೆ ದೂರು ಹಾಕಿ, 30 ದಿನದಲ್ಲಿ ಉತ್ತರ ಬರಲಿಲ್ಲ ಅಂದ್ರೆ ಆರ್‌ಬಿಐ ಓಂಬುಡ್ಸ್‌ಮನ್ ಇದಾರೆ. ನಮಗೆ ಅಲ್ಲಿಗೆ ಹೋಗೋ ಪ್ರಸಂಗ ಬರಲಿಲ್ಲ, ಪಿಓಎ ರಿಜಿಸ್ಟರಲ್ಲಿ ನಂಬರ್ ಬಿತ್ತು. ಎಟಿಎಂ ಕಾರ್ಡು, ನೆಟ್‌ಬ್ಯಾಂಕಿಂಗ್ ಕೊಡಲ್ಲ ಅಂದ್ರು, ಅದು ನಿರೀಕ್ಷೆ ಇದ್ದಿದ್ದೇ.

ಎಫ್‌ಡಿ ಮುರಿದ್ರು, ದುಡ್ಡು ಸೇವಿಂಗ್ಸಿಗೆ ಬಂತು. ಹುಡುಗ ಖುಷಿಯಿಂದ ಆಸ್ಪತ್ರೆಗೆ ಚೆಕ್ ಬರೆದ. ನಾಲ್ಕು ದಿನಕ್ಕೆ ಚೆಕ್ ವಾಪಸ್! ಓಡಿ ಬಂದ. ನೋಡಿದ್ರೆ ತನ್ನ ಸಹಿ ಮಾತ್ರ ಹಾಕಿದಾನೆ, ಯಾರ ಪರವಾಗಿ ಅಂತ ಬರೆದೇ ಇಲ್ಲ. ಮೇಲೆ ದೊಡ್ಡವ್ವನ ಹೆಸರು, ಕೆಳಗೆ ಇವನ ಸಹಿ, ಅದರ ಕೆಳಗೆ "ಕಾನ್ಸ್ಟಿಟ್ಯೂಟೆಡ್ ಅಟಾರ್ನಿ" ಅಂತ ಇರಬೇಕು. ಸ್ಟೇಷನ್ ರೋಡಲ್ಲಿ ಒಂದು ರಬ್ಬರ್ ಸ್ಟಾಂಪ್ ಮಾಡಿಸ್ಕೊಂಡ. ಎರಡನೇ ಚೆಕ್ ಪಾಸಾಯ್ತು.